ಆಲೂಗಡ್ಡೆಯ ಮೈನಸ್ ಎರಡು ಮನೆ

ಬಿ.ಎಡ್. ಪ್ರಾಯೋಗಿಕ ಪರೀಕ್ಷೆ ಎಂದರೆ ಹೆಣ್ಣು ನೋಡುವ ಶಾಸ್ತ್ರಕ್ಕಿಂತ ಕಷ್ಟ. ಅಲ್ಲಿ ಕಾಫಿ ಕೊಟ್ಟು ಒಳಗೆ ಹೋಗಬಹುದು, ಇಲ್ಲಿ ಗಂಟೆ ಹೊಡೆಯುವವರೆಗೆ ಕರಿಹಲಗೆಯ ಮುಂದೆ ನಿಂತೇ ಇರಬೇಕು. ಶಿಡ್ಲಘಟ್ಟದ ಹತ್ತಿರದ ಹಳ್ಳಿಯೊಂದರ ಹೈಸ್ಕೂಲಿನಲ್ಲಿ, ತೊಂಬತ್ತೆರಡನೇ ಇಸವಿಯ ಮಾರ್ಚ್ ಬಿಸಿಲಲ್ಲಿ, ಅನಸೂಯ ಹಾಗೆ ನಿಂತಿದ್ದಳು.

ಕೊನೆಯ ಬೆಂಚಿನಲ್ಲಿ ಇಬ್ಬರು ಕೂತಿದ್ದರು. ಒಬ್ಬರು ಹೊರಗಿನಿಂದ ಬಂದ ಪರೀಕ್ಷಕರು ವೆಂಕಟರವಣಪ್ಪನವರು. ಅವರ ಕೈಯಲ್ಲಿ ಅವಳ ಪಾಠಯೋಜನೆಯ ಪ್ರತಿ. ಇನ್ನೊಬ್ಬರು ಅವಳ ಕಾಲೇಜಿನ ಲೆಕ್ಕದ ಮೇಷ್ಟ್ರು ಚೆನ್ನರಾಯಪ್ಪನವರು. ವರ್ಷವಿಡೀ ಮಾಡಿದ ಕೆಲಸದ ಅಂಕ ಅವರ ಕೈಲಿ, ಇವತ್ತಿನ ಪಾಠದ ಅಂಕ ಪರೀಕ್ಷಕರ ಕೈಲಿ. ಎರಡೂ ದಕ್ಕಿದರೆ ಪಾಸು.

ಕಳೆದ ವರ್ಷ ಇದೇ ಪರೀಕ್ಷೆಯಲ್ಲಿ ಅನಸೂಯ ಬಾಯಿ ಒಣಗಿ ಫೇಲಾಗಿದ್ದಳು. ಅತ್ತೆ ಅಕ್ಕಯಮ್ಮ ಈ ಸಲ ಬೆಳಿಗ್ಗೆ ಬುತ್ತಿ ಕಟ್ಟಿಕೊಡುತ್ತಲೇ ಹೇಳಿದ್ದರು, "ಇದೇ ಕೊನೆ ಕಣಮ್ಮ. ಆಗ್ಲಿಲ್ಲಾ ಅಂದ್ರೆ ಓದು ಬರಹ ಎಲ್ಲಾ ಕಟ್ಟಿಟ್ಟು ಹುಳದ ಮನೆ ನೋಡ್ಕೋ." ಅತ್ತೆ ಕೆಟ್ಟವರೇನಲ್ಲ. ಹೇಳಿದ ಮಾತು ಮಾತ್ರ ಹಿಂದಕ್ಕೆ ತೆಗೆದುಕೊಳ್ಳುವ ಹೆಂಗಸಲ್ಲ. ರೇಷ್ಮೆಹುಳುವಿನ ಆ ಕತ್ತಲೆ ಕೋಣೆ, ಹಗಲೂ ರಾತ್ರಿ ಸೊಪ್ಪು ಮೇಯುವ ಸದ್ದು ನೆನೆದರೆ ಅನಸೂಯಳಿಗೆ ಉಸಿರು ಕಟ್ಟುತ್ತಿತ್ತು.

ಪಾಠ ಗಣಗಳದ್ದು, ಮೂರು ವೃತ್ತದ ವೆನ್ ಚಿತ್ರ. ಪ್ರಶ್ನೆ ಚೆನ್ನರಾಯಪ್ಪನವರೇ ಬರೆಸಿದ್ದು. ಒಂದು ಹಳ್ಳಿಯಲ್ಲಿ ಪ್ರತಿ ಮನೆಯವರೂ ರಾಗಿ, ಹಿಪ್ಪುನೇರಳೆ, ಆಲೂಗಡ್ಡೆ ಇವುಗಳಲ್ಲಿ ಒಂದನ್ನಾದರೂ ಬೆಳೆಯುತ್ತಾರೆ. ರಾಗಿ ಬೆಳೆಯುವ ಮನೆ 32, ಹಿಪ್ಪುನೇರಳೆ 25, ಆಲೂಗಡ್ಡೆ 10. ರಾಗಿ ಮತ್ತು ಹಿಪ್ಪುನೇರಳೆ ಎರಡೂ ಇರುವುದು 20, ಹಿಪ್ಪುನೇರಳೆ ಮತ್ತು ಆಲೂಗಡ್ಡೆ 8, ರಾಗಿ ಮತ್ತು ಆಲೂಗಡ್ಡೆ 9. ಮೂರೂ ಇರುವುದು 5. ಹಾಗಾದರೆ ಒಟ್ಟು ಮನೆಗಳೆಷ್ಟು? ಸೂತ್ರ ಹಾಕಿದರೆ ಮೂರು ಬೆಳೆಯ ಮೊತ್ತ 67, ಅದರಲ್ಲಿ ಜೋಡಿಗಳ 37 ಕಳೆದು, ಮೂರೂ ಇರುವ 5 ಕೂಡಿಸಿದರೆ 35. ಉತ್ತರ ಹೂವೆತ್ತಿದಂತೆ ಬರುತ್ತದೆ. ವರ್ಷಗಳಿಂದ ಚೆನ್ನರಾಯಪ್ಪನವರ ವಿದ್ಯಾರ್ಥಿಗಳು ಇದೇ ಪ್ರಶ್ನೆ ಹಿಡಿದು ದಡ ಸೇರಿದ್ದರು.

ಆದರೆ ಅನಸೂಯಳಿಗೆ ಒಂದು ಹುಚ್ಚು. ಸೂತ್ರ ಬಾಯಿಪಾಠ ಮಾಡಿಸಿದರೆ ಮಕ್ಕಳಿಗೆ ಏನು ತಿಳಿದೀತು, ಚಿತ್ರದ ಒಂದೊಂದು ಭಾಗವನ್ನೂ ತುಂಬಿಸೋಣ ಎಂದುಕೊಂಡಳು. ಅಲ್ಲೇ ಸಿಕ್ಕಿಬಿದ್ದಳು.

ಮೂರು ವೃತ್ತವೂ ಕೂಡುವ ನಡುಮಧ್ಯದಲ್ಲಿ 5 ಬರೆದಳು. ಆ ಐದು ಮನೆ ಪ್ರತಿ ಜೋಡಿಯಲ್ಲೂ ಸೇರಿರುವುದರಿಂದ ಅದನ್ನು ಕಳೆದು ರಾಗಿ–ಹಿಪ್ಪುನೇರಳೆ ಮಾತ್ರ ಇರುವಲ್ಲಿ 15, ಹಿಪ್ಪುನೇರಳೆ–ಆಲೂಗಡ್ಡೆ 3, ರಾಗಿ–ಆಲೂಗಡ್ಡೆ 4 ಎಂದು ತುಂಬಿಸಿದಳು. ರಾಗಿ ಒಂದೇ ಬೆಳೆಯುವವರು 8. ಹಿಪ್ಪುನೇರಳೆ ಒಂದೇ, 2. ಆಲೂಗಡ್ಡೆ ಒಂದೇ?

"ಹತ್ತರಲ್ಲಿ ಮೂರು, ನಾಲ್ಕು, ಐದು ಕಳೀಬೇಕು" ಎಂದವಳ ಕೈ ಹಲಗೆಯ ಮೇಲೆ ನಿಂತುಹೋಯಿತು. ಕಳೆಯಬೇಕಾದ್ದು ಹನ್ನೆರಡು, ಇರುವುದು ಹತ್ತು.

ಮುಂದಿನ ಬೆಂಚಿನ ಅಮ್ಮಾಜಮ್ಮ ಎಂಬ ಹುಡುಗಿ ಕೈಯೆತ್ತಿದಳು. "ಮೇಡಂ, ಮೈನಸ್ ಎರಡು ಬತ್ತದೆ. ಮೈನಸ್ ಎರಡು ಮನೆ ಅಂದ್ರೆ ಹೆಂಗೆ ಮೇಡಂ?"

ತರಗತಿ ಕಿಸಕ್ಕೆಂದಿತು. ಅನಸೂಯ ಒಳಗೊಳಗೇ ಲೆಕ್ಕ ತಿರುವಿ ಹಾಕಿದಳು. ಹತ್ತನ್ನು ಹನ್ನೆರಡು ಮಾಡಿಬಿಡಲೇ? ಮಾಡಿದರೆ ಒಟ್ಟು 37 ಆಗುತ್ತದೆ, ಪರೀಕ್ಷಕರ ಕೈಯಲ್ಲಿರುವ ಕಾಗದದಲ್ಲಿ 35 ಇದೆ. ಮಧ್ಯದ ಐದನ್ನು ಏಳು ಮಾಡಿದರೆ? ಮೈನಸ್ ಹೋಗುತ್ತದೆ, ಒಟ್ಟು ಮಾತ್ರ ಆಗಲೂ 37. ಈ ಕಡೆ ತೇಪೆ ಹಾಕಿದರೆ ಆ ಕಡೆ ಹರಿಯುತ್ತಿತ್ತು. ಸೂತ್ರ ಮಾತ್ರ ಏನೂ ಅರಿಯದ ಮಳ್ಳಿಯ ಹಾಗೆ ಆ ಮೈನಸ್ ಎರಡನ್ನೂ ಹೊಟ್ಟೆಗೆ ಹಾಕಿಕೊಂಡು ಇಷ್ಟು ವರ್ಷ 35 ಎನ್ನುತ್ತಾ ಬಂದಿತ್ತು.

"ಟೈಮಾಯ್ತು ಕಣಮ್ಮ, ಚಿತ್ರ ಅಳಿಸು. ಸೂತ್ರ ಹಾಕಿ ಮುಗಿಸು" ಎಂದರು ಚೆನ್ನರಾಯಪ್ಪನವರು ಹಿಂದಿನಿಂದ. ದನಿ ಮೆತ್ತಗಿದ್ದರೂ ಕಣ್ಣು ಮೆತ್ತಗಿರಲಿಲ್ಲ.

ಅತ್ತ ದರಿ ಇತ್ತ ಪುಲಿ. ಪ್ರಶ್ನೆ ತಪ್ಪು ಎಂದರೆ ಗುರುಗಳ ಮುಖಕ್ಕೆ ಮಸಿ ಬಳಿದಂತೆ, ಆ ಅಂಕ ಹೋಯಿತು. ಸರಿ ಎಂದರೆ ಎದುರಿಗಿರುವ ಮಗುವಿಗೆ ಸುಳ್ಳು ಹೇಳಿದಂತೆ. ಡಸ್ಟರ್ ಕೈಗೆ ತೆಗೆದುಕೊಂಡಳು. ಹಲಗೆಗೆ ಒತ್ತಿಯೂ ಬಿಟ್ಟಳು. ಅಮ್ಮಾಜಮ್ಮ ಇನ್ನೂ ಕೈ ಇಳಿಸಿರಲಿಲ್ಲ.

"ಪ್ರಶ್ನೆ ತಪ್ಪು ಕಣ್ರಮ್ಮಾ" ಎಂದಳು ಅನಸೂಯ. "ಮನೆ ಮೈನಸ್ ಆಗಕ್ಕಾಗಲ್ಲ. ಇಂಥಾ ಊರು ಇರಕ್ಕೆ ಸಾಧ್ಯ ಇಲ್ಲ."

ವೆಂಕಟರವಣಪ್ಪನವರು ಕನ್ನಡಕ ತೆಗೆದರು. "ಹಂಗಾದ್ರೆ ಇರೋ ಊರು ಮಾಡಿ ತೋರ್ಸಮ್ಮ. ಹತ್ತು ನಿಮಿಷ ಐತೆ."

ಅಂಕಿಗಳನ್ನು ಅಳಿಸಿ ಮೂರು ಖಾಲಿ ವೃತ್ತ ಉಳಿಸಿದ ಅನಸೂಯ, ಅವುಗಳ ಸುತ್ತ ಒಂದು ಚೌಕ ಎಳೆದಳು. ಇಡೀ ವೃತ್ತಗಳ ಲೆಕ್ಕ ಮೊದಲು ಹೇಳಿ ಆಮೇಲೆ ಒಳಗಿನ ಭಾಗ ತುಂಬಿಸಹೋಗಿದ್ದೇ ಎಡವಟ್ಟು ಎಂದು ಅವಳಿಗೆ ಹೊಳೆದಿತ್ತು. ಮೊದಲು ಜನ ಒಳಗೆ ಕೂರಲಿ, ಆಮೇಲೆ ಎಣಿಸಿದರಾಯಿತು. "ಒಬ್ಬೊಬ್ರೇ ಬನ್ನಿ. ನಿಮ್ಮನೇಲಿ ಏನೇನು ಬೆಳೀತಾರೋ ನೋಡ್ಕೊಂಡು ಒಂದೇ ಒಂದು ಚುಕ್ಕೆ ಇಡಿ."

ಮಕ್ಕಳು ನೂಕಾಡುತ್ತಾ ಬಂದರು. ಮೂರೂ ಬೆಳೆಯುವವರ ಚುಕ್ಕೆ ಮಧ್ಯದಲ್ಲಿ 3. ರಾಗಿ–ಹಿಪ್ಪುನೇರಳೆ 9, ರಾಗಿ–ಆಲೂಗಡ್ಡೆ 5, ಹಿಪ್ಪುನೇರಳೆ–ಆಲೂಗಡ್ಡೆ 1. ರಾಗಿ ಮಾತ್ರ 6, ಹಿಪ್ಪುನೇರಳೆ ಮಾತ್ರ 1. ಆಲೂಗಡ್ಡೆ ಮಾತ್ರ ಬೆಳೆಯುವಲ್ಲಿ ಒಂದು ಚುಕ್ಕೆಯೂ ಬೀಳಲಿಲ್ಲ.

ಮೂವರು ಸೀಮೆಸುಣ್ಣ ಹಿಡಿದು ಹಲಗೆಯ ಹತ್ತಿರವೇ ಉಳಿದರು. ಅವರಲ್ಲಿ ಅಮ್ಮಾಜಮ್ಮನೂ ಇದ್ದಳು. "ನಮಗೆ ಹೊಲ ಇಲ್ಲ ಮೇಡಂ. ಅಮ್ಮ ನೂಲು ತೆಗೆಯಕ್ಕೆ ಹೋಗ್ತಾಳೆ. ನಾವೆಲ್ಲಿ ಇಡಣ?"

ಮೊದಲಿನ ಪ್ರಶ್ನೆಯಲ್ಲಿ ಪ್ರತಿ ಮನೆಗೂ ಹೊಲವಿತ್ತು. ಇವಳಿಗೆ ಜಾಗವೇ ಇರಲಿಲ್ಲ. "ವೃತ್ತದ ಹೊರಗೆ, ಚೌಕದ ಒಳಗೆ ಇಡಮ್ಮ. ನೀವೂ ಈ ತರಗತಿಯವರೇ ಅಲ್ವಾ."

ವೃತ್ತಗಳೊಳಗೆ 25, ಹೊರಗೆ 3, ಒಟ್ಟು 28. ವೆಂಕಟರವಣಪ್ಪನವರು ಎದ್ದು ನಿಂತು ತಲೆಗಳನ್ನು ಎಣಿಸಿದರು. ಇಪ್ಪತ್ತೆಂಟೇ. ಮಕ್ಕಳಿಂದಲೇ ಒಂದೊಂದು ವೃತ್ತದ ಚುಕ್ಕೆ ಲೆಕ್ಕ ಮಾಡಿಸಿ ಸೂತ್ರ ಹಾಕಿಸಿದರು. ರಾಗಿ 23, ಹಿಪ್ಪುನೇರಳೆ 14, ಆಲೂಗಡ್ಡೆ 9 ಸೇರಿ 46. ಜೋಡಿಗಳು 12, 8, 4 ಸೇರಿ 24 ಕಳೆದು, ಮಧ್ಯದ 3 ಕೂಡಿಸಿದರೆ ಅದೇ 25. ಗಂಟೆ ಹೊಡೆಯಿತು.

ಅನಸೂಯ ಬದುಕಿದೆ ಎಂದುಕೊಳ್ಳುವಷ್ಟರಲ್ಲಿ ಪರೀಕ್ಷಕರು ಕೇಳಿದರು, "ಮೊದಲ್ನೇ ಪ್ರಶ್ನೆ ಯಾರು ಮಾಡಿದ್ದಮ್ಮಾ?"

ಚೆನ್ನರಾಯಪ್ಪನವರು ಕಿಟಕಿಯ ಕಡೆ ತಿರುಗಿದರು. ಅವರ ಕಿವಿ ಕೆಂಪಗಾಗಿತ್ತು. ನಿಜ ಹೇಳಿದರೆ ಅವರ ಕೈಲಿರುವ ಅಂಕ ಏನಾದೀತೋ. ಅದೂ ಅಲ್ಲದೆ, ವರ್ಷವಿಡೀ ಪಾಠ ಹೇಳಿದ ಮನುಷ್ಯನನ್ನು ಮಕ್ಕಳೆದುರು ಹಿಡಿದುಕೊಡಲು ಅವಳಿಗೆ ಮನಸ್ಸೂ ಬರಲಿಲ್ಲ.

"ನಾನೇ ಸಾರ್."

ವೆಂಕಟರವಣಪ್ಪನವರು ಇಬ್ಬರನ್ನೂ ಒಂದೊಂದು ಸಲ ನೋಡಿದರು. "ಪಾಠದಲ್ಲಿ ಪಾಸ್ ಮಾಡಿದೀನಿ. ಪ್ರಶ್ನೆ ನೋಡ್ದೆ ತಂದಿದ್ದಕ್ಕೆ ಎರಡು ಅಂಕ ಕಳೀತೀನಿ, ತಪ್ಪು ತಿಳ್ಕೋಬೇಡ" ಎಂದು ಬರೆದುಕೊಂಡು ಹೊರಟರು. ಚೆನ್ನರಾಯಪ್ಪನವರು ಅವರ ಹಿಂದೆಯೇ ನಡೆದರು.

ಅಮ್ಮಾಜಮ್ಮ ಮಾತ್ರ ಬಾಗಿಲಲ್ಲೇ ನಿಂತಿದ್ದಳು. "ಮೇಡಂ, ಆ ಮೈನಸ್ ಎರಡು ಮನೆ ಎಲ್ಲಿ ಹೋದ್ವು?"

ಅನಸೂಯಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು.

"ನನ್ನ ಹತ್ರ ಬಂದ್ವು ಕಣಮ್ಮ" ಎಂದು ಹಲಗೆ ಒರೆಸದೆ ಹಾಗೇ ಬಿಟ್ಟು, ಬುತ್ತಿ ಎತ್ತಿಕೊಂಡಳು.