ಅವನ ಪಾಲು

ಹೊನ್ನಾವರದಲ್ಲಿ ಸಿನಿಮಾದ ಮೊದಲ ಪ್ರದರ್ಶನ ಮುಗಿದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕಾದಂಬರಿ ಬರೆದ ಕೃಷ್ಣಾನಂದ ಹರಿಕಂತ್ರ ಮಾತ್ರ ಕುರ್ಚಿಯಿಂದ ಏಳಲಿಲ್ಲ.

ಮಂಕಿಯ ಶಾಲೆಯಲ್ಲಿ ಮಾಸ್ತರಾಗಿ ನಿವೃತ್ತರಾದ ಅವರು ಜೀವಮಾನದಲ್ಲಿ ಬರೆದದ್ದು ಒಂದೇ ಕಾದಂಬರಿ, ‘ದಂಡೆಯ ಮೇಲೆ ನಾವು’. ಅದನ್ನು ನಾಯಕಿಯ ಹೆಸರಲ್ಲೇ ‘ಹೊನ್ನಿ’ ಎಂದು ಸಿನಿಮಾ ಮಾಡಿದವಳು ಭಟ್ಕಳದ ಹುಡುಗಿ ದೀಕ್ಷಾ. ಸಿನಿಮಾ ಬಹುಪಾಲು ಅವರಿಗೆ ಹಿಡಿಸಿತ್ತು. ಆದರೆ ಒಂದು ದೃಶ್ಯ ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತು.

ಮರುದಿನ ಕುಮಟಾದಲ್ಲಿ ಪ್ರದರ್ಶನ, ಆಮೇಲೆ ಸಂವಾದ. ಅಲ್ಲಿ ಮಾತಾಡಬೇಕಿದ್ದ ರಂಜಿತಾ ಅವರ ಹಳೆಯ ವಿದ್ಯಾರ್ಥಿನಿ. ಈಗ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಾಳೆ. ಬೆಳಿಗ್ಗೆ ಅವರನ್ನು ಕರೆದೊಯ್ಯಲು ಕಾರು ತಂದಿದ್ದಳು. ಶರಾವತಿ ಸೇತುವೆ ದಾಟುತ್ತಿದ್ದಾಗ ಮಾಸ್ತರು ಬಾಯಿಬಿಟ್ಟರು.

“ಟೈಟಲ್‌ನಲ್ಲಿ ನನ್ನ ಹೆಸ್ರು ಬೇಡ ಅಂತ ಇವತ್ತು ವೇದಿಕೆ ಮೇಲೇ ಹೇಳ್ತೆ.”

“ಎಂತಕ್ಕೆ ಸರ್?”

“ನನ್ನ ಹೊನ್ನಿ ಬಾಯಿ ಬಿಡೂದೇ ಇಲ್ಲ. ಈ ದೀಕ್ಷಾ ಅವಳ ಕೈಲಿ ಮಾತಾಡ್ಸಿದ್ಲಲ್ಲೇ!”

ರಂಜಿತಾ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. “ನಾನು ಮಾತಾಡೂದೂ ಅದೇ ದೃಶ್ಯದ ಮೇಲೇ ಸರ್. ಮೊದ್ಲು ಕೇಳಿ. ಆಮೇಲೆ ನಿಮ್ಮಿಷ್ಟ.”

ಅವಳು ತನ್ನ ಪರವಾಗಿಯೇ ಮಾತಾಡುತ್ತಾಳೆಂದು ಅವರು ನೆಮ್ಮದಿಯಿಂದ ಕೂತರು.

ಕುಮಟಾದ ಸಭಾಂಗಣ ತುಂಬಿತ್ತು. ಮಂಕಿಯಿಂದ ಮೀನು ಮಾರುವ ಹೆಂಗಸರ ಒಂದು ಗುಂಪೇ ಬಂದಿತ್ತು. ಸಿನಿಮಾ ಮುಗಿದ ಮೇಲೆ ರಂಜಿತಾ ಎದ್ದು, ಮೊದಲು ಕಾದಂಬರಿಯ ದೃಶ್ಯವನ್ನು ಕತೆ ಹೇಳುವಂತೆ ಹೇಳಿದಳು.

ಬಿರುಗಾಳಿಗೆ ಸಿಕ್ಕಿದ ದೋಣಿ ದಡಕ್ಕೆ ಬರುತ್ತದೆ. ಹೊನ್ನಿಯ ಗಂಡ ಸೋಮ ಅದರಲ್ಲಿಲ್ಲ. ಊರೆಲ್ಲ ದಂಡೆಯಲ್ಲಿ ನಿಂತು ಅವಳು ಎದೆ ಬಡಿದುಕೊಂಡು ಅಳುವುದನ್ನೇ ಕಾಯುತ್ತದೆ. ಅವಳು ಅಳುವುದಿಲ್ಲ. ದೋಣಿಯ ಮುಖ್ಯಸ್ಥ ತಾಂಡೇಲ ಮೀನನ್ನು ಪಾಲು ಹಾಕುವ ಜಾಗಕ್ಕೆ ಹೋಗಿ, ಖಾಲಿ ಬುಟ್ಟಿಯನ್ನು ಸುಮ್ಮನೆ ಅವನ ಮುಂದೆ ಹಿಡಿಯುತ್ತಾಳೆ. ಅವನು ಸೋಮನ ಪಾಲನ್ನು ಅದರಲ್ಲಿ ಸುರಿಯುತ್ತಾನೆ. ಅಷ್ಟೇ.

“ಇದನ್ನ ಯಾರು ಹೇಳ್ತಾ ಇದ್ದಾರೆ ನೋಡಿ,” ಎಂದಳು ರಂಜಿತಾ. “ಹೊನ್ನಿ ಅಲ್ಲ, ಲೇಖಕರೂ ಅಲ್ಲ. ‘ನಾವು’. ದಂಡೆಯಲ್ಲಿ ನಿಂತ ಊರು. ‘ನಾವು ಅವಳ ಬೆನ್ನನ್ನೇ ನೋಡುತ್ತ ನಿಂತೆವು’ ಅಂತ ಬರ್ತದೆ. ಇಡೀ ದೃಶ್ಯದಲ್ಲಿ ಹೊನ್ನಿಯ ಮುಖದ ಬಗ್ಗೆ ಒಂದು ಪದವೂ ಇಲ್ಲ. ಓದ್ತಾ ಓದ್ತಾ ನಾವೂ ಆ ‘ನಾವು’ ಒಳಗೆ ಸೇರ್ಕೊಳ್ತೇವೆ. ಅವಳು ಯಾವಾಗ ಅಳ್ತಾಳೆ ಅಂತ ನಾವೂ ಕಾಯ್ತೇವೆ. ಅವಳು ಅಳದೇ ಇದ್ದಾಗ ನಾಚಿಕೆ ಆಗೂದು ನಮ್ಗೆ. ಆ ಬುಟ್ಟಿ ದುಃಖವಾ, ಸಿಟ್ಟಾ, ಬುದ್ಧಿ ಕಲಕಿದ್ದಾ, ಹಕ್ಕಾ? ಪುಸ್ತಕ ಹೇಳೂದಿಲ್ಲ. ಆ ಪ್ರಶ್ನೆ ನಮ್ಮ ತಲೆ ಮೇಲೇ ಉಳೀತದೆ.”

ಮಾಸ್ತರು ತಲೆದೂಗಿದರು. ಆ ‘ನಾವು’ಗಾಗಿ ಅವರು ಇಡೀ ಅಧ್ಯಾಯವನ್ನು ಮತ್ತೆ ಮತ್ತೆ ತಿದ್ದಿ ಬರೆದಿದ್ದರು. ಇಷ್ಟು ವರ್ಷಗಳಲ್ಲಿ ಅದನ್ನು ಹೀಗೆ ಬೆರಳಿಟ್ಟು ತೋರಿಸಿದವರು ಇರಲಿಲ್ಲ.

“ಈಗ ಸಿನಿಮಾ. ಕ್ಯಾಮೆರಾ ಎಲ್ಲಿದೆ? ಊರಿನವರ ನಡುವೆ ಇಲ್ಲ. ಹೊನ್ನಿಯ ಭುಜದ ಹಿಂದೆ ಇದೆ. ಅವಳು ನಡೆದ ಹಾಗೆ ಅದೂ ನಡೀತದೆ. ಈಗ ಕಾಣೂದು ಊರಿನವರ ಮುಖ. ಒಬ್ಬೊಬ್ಬರೇ ಕಣ್ಣು ತಗ್ಗಿಸ್ತಾರೆ. ಸಂಗೀತ ಇಲ್ಲ, ಅಲೆಯ ಸದ್ದು ಮಾತ್ರ. ಆಮೇಲೆ ಮೊದಲ ಸಲ ಅವಳ ಮುಖಕ್ಕೆ ಬರ್ತದೆ. ಆಗ ಅವಳು ಹೇಳ್ತಾಳೆ, ‘ಅವ್ನ ಪಾಲು ಹಾಕಿ.’ ಬುಟ್ಟಿಗೆ ಬಂಗಡೆ ಮೀನು ಬೀಳುವ ಸದ್ದು. ಮೂರು ಪದದಲ್ಲಿ ಅರ್ಥವೇ ತಿರುಗಿಹೋಯ್ತು. ಪುಸ್ತಕದಲ್ಲಿ ಒಗಟಾಗಿದ್ದ ಬುಟ್ಟಿ ಇಲ್ಲಿ ಹಕ್ಕಿನ ಮಾತು. ಪುಸ್ತಕದಲ್ಲಿ ನಾವು ಊರಿನ ಜೊತೆ ನಿಲ್ತೇವೆ, ಸಿಕ್ಕಿಬೀಳ್ತೇವೆ. ಸಿನಿಮಾದಲ್ಲಿ ಅವಳ ಜೊತೆ ನಿಲ್ತೇವೆ. ಧೈರ್ಯ ಬರ್ತದೆ, ಆದ್ರೆ ತಪ್ಪಿಸ್ಕೊಳ್ತೇವೆ. ಕಣ್ಣು ತಗ್ಗಿಸಿದವರು ಬೇರೆ ಯಾರೋ, ನಾವಲ್ಲ.”

ಮಾಸ್ತರ ಎದೆ ಉಬ್ಬಿತು. ತಾನು ಹೇಳಬೇಕೆಂದಿದ್ದನ್ನೇ ಹುಡುಗಿ ತನಗಿಂತ ಚೆನ್ನಾಗಿ ಹೇಳಿದಳು. ಆದರೆ ಅವಳು ಇನ್ನೂ ಕೂತಿರಲಿಲ್ಲ.

“ಇನ್ನೊಂದು ಮಾತಿದೆ. ಸರ್ ಎದುರಿಗೇ ಹೇಳ್ತೇನೆ. ಹೊನ್ನಿಯ ಮೌನವನ್ನ ನಾವೆಲ್ಲ ಹೊಗಳ್ತೇವೆ. ಆದ್ರೆ ಆ ಮೌನದ ಅರ್ಥ ಹೇಳುವವರೂ ನಾವೇ. ಪುಸ್ತಕದಲ್ಲಿ ಊರಿಗೆ ದನಿ ಇದೆ, ಅವಳಿಗಿಲ್ಲ. ಸಿನಿಮಾ ಒಗಟನ್ನ ಕಳ್ಕೊಂಡು ಅವಳ ದನಿಯನ್ನ ಪಡ್ಕೊಂಡಿತು.”

ಹಲವರು ತಿರುಗಿ ಮಾಸ್ತರನ್ನು ನೋಡಿದರು. ಅವರ ಕಿವಿ ಬಿಸಿಯಾಗಿತ್ತು.

ದೀಕ್ಷಾ ಮೈಕು ತೆಗೆದುಕೊಂಡಳು. “ಮೊದಲು ಪುಸ್ತಕದಲ್ಲಿ ಇದ್ದ ಹಾಗೇ ತೆಗೆದ್ವಿ, ಮಾತಿಲ್ಲದೆ. ಎಡಿಟಿಂಗ್‌ನಲ್ಲಿ ನೋಡಿದ್ರೆ ಹೊನ್ನಿ ಬೇಡುವವಳ ಹಾಗೆ ಕಂಡ್ಲು. ಯಾಕೆ ಅಂತ ಬಹಳ ತಲೆ ಕೆಡಿಸ್ಕೊಂಡೆ. ಪುಸ್ತಕದಲ್ಲಿ ಮಾಸ್ತರ್ರು ಮುಖವನ್ನ ಬರೀದೇ ಬಿಟ್ರೆ ಯಾರೂ ಕೇಳೂದಿಲ್ಲ. ಕ್ಯಾಮೆರಾ ಬೆನ್ನನ್ನೇ ತೋರಿಸ್ತಾ ಇದ್ರೆ, ಮುಖ ಯಾಕೆ ಮುಚ್ಚಿಡ್ತಾ ಇದ್ದಾರೆ ಅಂತ ಜನ ಯೋಚಿಸ್ತಾರೆ. ಮುಖ ತೋರಿಸಿ ಮಾತಾಡಿಸ್ದೇ ಇದ್ರೆ ಕರುಣೆ ಬರ್ತದೆ. ಪುಸ್ತಕದ ಹೊನ್ನಿಗೆ ಯಾರ ಕರುಣೆಯೂ ಬೇಡ. ಅದನ್ನ ಉಳಿಸ್ಲಿಕ್ಕೇ ನಾನು ಅವಳ ಮೌನ ಮುರಿದೆ.”

ನಿರೂಪಕ ಮಾಸ್ತರನ್ನು ಕರೆದ. ಅವರು ನಿಧಾನವಾಗಿ ಮೆಟ್ಟಿಲು ಹತ್ತಿದರು. ಬಾಯಲ್ಲಿ ಸಿದ್ಧವಾಗಿದ್ದ ಮಾತು ಎಲ್ಲಿಗೋ ಜಾರಿಹೋಗಿತ್ತು. ಒಂದು ದೃಶ್ಯಕ್ಕಾಗಿ ಭಟ್ಕಳದವಳೊಬ್ಬಳು ಹೀಗೆ ತಲೆ ಕೆಡಿಸಿಕೊಂಡಿದ್ದಾಳೆ. ಮಂಕಿಯವಳೊಬ್ಬಳು ಅದರ ಪದಪದವನ್ನೂ ತೂಗಿ, ಬರೆದವನ ತಕ್ಕಡಿ ಎಲ್ಲಿ ವಾಲಿದೆ ಎಂದು ಅಂಜದೆ ತೋರಿಸಿದ್ದಾಳೆ. ಇದಕ್ಕಿಂತ ದೊಡ್ಡ ಮರ್ಯಾದೆ ಒಂದು ಪುಸ್ತಕಕ್ಕೆ ಎಂತ ಬೇಕು?

“ನನ್ನ ಹೆಸ್ರು ತೆಗೀರಿ ಅಂತ ಹೇಳೂಕೆ ಬಂದಿದ್ದೆ,” ಎಂದರು. ಮುಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. “ಈಗ ಹೇಳ್ತೆ, ಇರ್ಲಿ. ಈ ಹೊನ್ನಿ ನನ್ನವಳಲ್ಲ. ನನ್ನ ಹೊನ್ನಿ ಪುಸ್ತಕದಲ್ಲಿ ಸುಮ್ಮನೇ ಇರ್ತಾಳೆ. ಊರಿನವರ ಕಣ್ಣಿಂದ ನೋಡಿ ಬರೆದವ ನಾನು. ನನ್ನ ಕಣ್ಣು ಅಲ್ಲಿವರೆಗೇ ಹೋಗಿತ್ತು. ಇವಳು ದೀಕ್ಷಾನ ಹೊನ್ನಿ. ಇಬ್ರೂ ಒಂದೇ ದಂಡೆಯವರು ಅಂತ ಗೊತ್ತಾಗೂಕೆ ನನ್ನ ಹೆಸ್ರು ಇರ್ಲಿ.” ರಂಜಿತಾಳ ಕಡೆ ಕೈ ತೋರಿಸಿದರು. “ಇವಳಿಗೆ ಅಕ್ಷರ ಓದೂಕೆ ಕಲ್ಸಿದ್ದು ನಾನು. ಹೀಗೆ ಓದೂಕೆ ಅವಳೇ ಕಲ್ತದ್ದು. ನನ್ನ ತಪ್ಪನ್ನ ನನ್ನೆದುರಿಗೇ ಹೇಳುವ ವಿದ್ಯಾರ್ಥಿನಿ ನನಗೆ ಇದ್ದಾಳೆ ಅಂತ ಊರಿಡೀ ಹೇಳ್ಕಂಡು ಬತ್ತೆ.”

ರಂಜಿತಾಳ ಕಣ್ಣು ತುಂಬಿತು. ದೀಕ್ಷಾ ಬಂದು ಅವರ ಕಾಲು ಮುಟ್ಟಲು ಬಗ್ಗಿದಳು. ಅವರು ಅವಳ ತೋಳು ಹಿಡಿದು ಎಬ್ಬಿಸಿ, “ಆತು, ಆತು. ನಾಳೆ ಭಟ್ಕಳಕ್ಕೂ ಬತ್ತೆ. ಮುಂದಿನ ಸಾಲಲ್ಲಿ ಒಂದು ಕುರ್ಚಿ ಇಡು,” ಎಂದರು.

ಹೊರಗೆ ಬಂದಾಗ ಮಂಕಿಯ ಹೆಂಗಸರು ಬಸ್ಸಿಗೆ ಕಾಯುತ್ತ ಜೋರಾಗಿ ವಾದ ಮಾಡುತ್ತಿದ್ದರು.

“ಹೊನ್ನಿ ಕೇಳಿದ್ದೇ ಸರಿ ಅಂತ ಹೇಳ್ತೆ ನಾನು,” ಎನ್ನುತ್ತಿದ್ದಳು ಲಕ್ಕಿ. “ದುಡಿದವ್ನ ಪಾಲು. ಕೇಳೂಕೆ ಎಂತ ನಾಚ್ಕೆ?”

“ಕೇಳೂ ತನಕ ತಾಂಡೇಲ ಎಂತ ಮಾಡ್ತಿದ್ದ?” ಎಂದಳು ತಿಮ್ಮಕ್ಕ. “ಅವಳು ಬಾಯಿ ಬಿಡೂ ಮುಂಚೆ ಅವ್ನೇ ಹಾಕ್ಬೇಕಾಗಿತ್ತು. ಪುಸ್ತಕದಾಗೆ ಇದ್ದದ್ದೇ ಚಂದ.”

ಬಸ್ಸು ಬಂತು. ಯಾರೂ ಸೋಲೊಪ್ಪಲಿಲ್ಲ. ವಾದ ಮಾಡುತ್ತಲೇ ಬುಟ್ಟಿ, ಚೀಲ ಎತ್ತಿಕೊಂಡು ಹತ್ತಿದರು. ಲಕ್ಕಿ ಕಿಟಕಿಯಿಂದ ತಲೆ ಹೊರಹಾಕಿ, “ಮಾಸ್ತರ್ರೆ, ನೀವು ಯಾರ ಬದಿ?” ಎಂದು ಕೂಗಿದಳು.

“ಇಬ್ರ ಬದಿಗೂ!” ಎಂದು ಮಾಸ್ತರು ಕೂಗಿದರು. ಆ ಉತ್ತರ ಯಾರಿಗೂ ಒಪ್ಪಿಗೆಯಾಗಲಿಲ್ಲ ಎಂಬುದು ಬಸ್ಸು ತಿರುವು ದಾಟುವವರೆಗೂ ಕೇಳಿಸುತ್ತಲೇ ಇತ್ತು. ಅವರು ತಲೆ ಎತ್ತಿ ನಗುತ್ತ, ರಂಜಿತಾಳ ಕಾರಿನ ಕಡೆ ನಡೆದರು.