ರಂಜೆ ಮರದ ದೀಪ

ಸೌಮ್ಯ ತೀರಿಹೋದ ಅತ್ತೆ ನಾಗಿಯ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಕೇರಿಯ ಪಾರ್ವತವ್ವ ಬಿಸಿನೀರಿನ ಕೊಡ ಇಳಿಸಿ ಅತ್ತಿತ್ತ ನೋಡಿದಳು.

"ಕಲ್ಲವ್ವ ಎಲ್ಲಿ? ನೀರು ಹೊಯ್ಯಕೆ ಅವಳೇ ಮುಂದೆ ಇರ್ಬೇಕಿತ್ತು."

"ಕರಿಯಕೆ ನಮ್ಮ ಕೇರಿ ದಿನಕರ ಹೋಗಿದ್ದ. ಬಾಗಿಲೇ ತೆಗಿಲಿಲ್ಲಂತೆ. ಒಳಗಿಂದನೇ 'ನಾ ಬರಲ್ಲ, ಹೋಗು' ಅಂದ್ಲಂತೆ."

"ಅಯ್ಯೋ, ಎಂತಾ ಹೆಂಗಸೇ! ಒಂದೇ ಎಲೇಲಿ ಉಂಡವರು. ಹೆಣದ ಮುಂದೂ ಸಿಟ್ಟಾ?"

ನಾಗಿಗೂ ಕಲ್ಲವ್ವನಿಗೂ ಯಾವ ಸಿಟ್ಟೂ ಇರಲಿಲ್ಲ ಎಂಬುದು ಸೌಮ್ಯಳಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಕಲ್ಲವ್ವನನ್ನು ಮನಸ್ಸಿನಲ್ಲೇ ಇನ್ನಷ್ಟು ಬೈದುಕೊಂಡಳು.

*

ಸೌಮ್ಯ ನಿಲ್ಕುಂದಕ್ಕೆ ಸೊಸೆಯಾಗಿ ಬಂದದ್ದು ತೊಂಬತ್ತಾರರಲ್ಲಿ. ಬಂದ ವಾರದಲ್ಲೇ ಅತ್ತೆ, ತಾನು ದಿನಾ ಸಂಜೆ ಇಡುವ ದೀಪ ತೋರಿಸಲು, ಅವಳನ್ನು ಗದ್ದೆಯಂಚಿನ ರಂಜೆ ಮರಕ್ಕೆ ಕರೆದೊಯ್ದಿದ್ದಳು. ಮರದಲ್ಲಿ ಚೌಡಿ ಎಂಬ ದೇವತೆ ಇದ್ದಾಳೆಂದು ಊರೆಲ್ಲ ಹೆದರುತ್ತಿತ್ತು. ನಾಗಿಗೆ ಮಾತ್ರ ಚೌಡಿ ಎಂದರೆ ತುಸು ಮುಂಗೋಪದ ನಾದಿನಿ ಇದ್ದಂತೆ.

"ಬತ್ತಿಗೆ ಹಳೆ ಪಂಚೆ ಆಗ್ತದೆ, ಆದ್ರೆ ಒಗೆದದ್ದಾಗ್ಬೇಕು. ಎರಡು ಎಳೆ ಸೇರಿಸಿ ಹೊಸಿ. ಒಂಟಿ ಎಳೆ ಸತ್ತವರ ತಲೆ ಹತ್ರ ಇಡದು. ಮೊದ್ಲು ಬತ್ತಿ ಪೂರಾ ನೆನಿಬೇಕು, ಆಮೇಲೆ ತುದಿ ಮಾತ್ರ ಹೊರಗೆ ಎಳಿ. ಇಲ್ಲಾಂದ್ರೆ ಬತ್ತಿ ಸುಟ್ಟುಹೋಗಿ ಎಣ್ಣೆ ಹಂಗೇ ಉಳೀತದೆ."

ಬೆಂಕಿಕಡ್ಡಿ ಗೀರುವಂತಿರಲಿಲ್ಲ. ಮನೆಯ ದೇವರ ದೀಪದಿಂದ ಹಚ್ಚಿಕೊಂಡು ಸೆರಗು ಮರೆ ಮಾಡಿ ತರಬೇಕು. ಪಡುಗಾಳಿ ತಾಗದಂತೆ ಮರದ ಮೂಡಣ ಬುಡದಲ್ಲಿ ಮೂರು ಕೆಂಪು ಕಲ್ಲಿನ ಗೂಡಿತ್ತು. ಹಣತೆಯನ್ನು ಅದರೊಳಗಿಟ್ಟು ನಾಗಿ ಹೇಳುತ್ತಿದ್ದಳು: "ತಗಳೇ ಮಾರಾಯ್ತಿ, ಇವತ್ತು ಎಣ್ಣೆ ಸ್ವಲ್ಪ ಕಮ್ಮಿ. ಮುಖ ಊದಿಸ್ಬೇಡ."

ಮುಟ್ಟಾದ ದಿನಗಳಲ್ಲಿ, ಮನೆಗೆ ಸೂತಕ ಬಂದಾಗ, ನಾಗಿ ಬೇಲಿಯಾಚೆ ಕೂಗುತ್ತಿದ್ದಳು: "ಕಲ್ಲೀ, ಇವತ್ತಿಂದ ದೀಪ ನಿಂದು!" ಆಚೆ ಮನೆಯ ಕಲ್ಲವ್ವ ಬೇರೆ ಬಳಿಯವಳು, ಬೇರೆ ಕುಲದವಳು; ಈ ಸೂತಕ ಅವಳಿಗೆ ತಟ್ಟುತ್ತಿರಲಿಲ್ಲ. ಹೀಗೆ ಇಬ್ಬರ ಕೈಯಲ್ಲಿ ದೀಪ ಒಂದು ದಿನವೂ ತಪ್ಪಿರಲಿಲ್ಲ.

*

ಮಧ್ಯಾಹ್ನದ ಹೊತ್ತಿಗೆ ಹೆಣ ಎತ್ತಿದರು. ಚಿತೆ ಉರಿದು, ಜನ ಮಿಂದು ಬಂದು ಜಗಲಿಯಲ್ಲಿ ಕೂತಾಗ ಬಿಸಿಲು ಬಾಗಿತ್ತು. ಸೌಮ್ಯ ಗಂಡ ಮಂಜಪ್ಪನ ಹತ್ತಿರ ಹೋಗಿ ಕೂತಳು.

"ದೀಪಕ್ಕೆ ಎಂತ ಮಾಡದು? ಮೊನ್ನೆ ನನ್ನ ಕೈ ಹಿಡಿದು ಅದೊಂದೇ ಕೇಳಿದ್ರು. 'ನಾ ಹೋದ ದಿನನೂ ಅವಳನ್ನ ಕತ್ತಲೇಲಿ ಕೂರಿಸ್ಬೇಡಿ' ಅಂತ. ನಾ ಹೂಂ ಅಂದಿದ್ದೆ."

"ನಮಗೆ ಸೂತಕ, ಕೂಡದು."

"ದಿನಕರ ಬೇರೆ ಬಳಿಯವನಲ್ಲನಾ? ಅವ ಹಚ್ಬೌದಲ್ಲ."

"ಹೆಣ ಕಂಡವರು ಮಿಂದ್ರೂ ಇವತ್ತು ಚೌಡಿ ಬುಡಕ್ಕೆ ಹೋಗಂಗಿಲ್ಲ. ಕೇರಿಗೆ ಕೇರಿನೇ ಬಂದಿತ್ತು. ಕಲ್ಲವ್ವ ಬಾಗಿಲೇ ತೆಗಿಯಲ್ಲ. ಇನ್ಯಾರನ್ನ ಕೇಳದು?" ಮಂಜಪ್ಪ ಮುಖ ಒರೆಸಿಕೊಂಡ. "ಒಂದಿನ ತಪ್ಪಿದ್ರೆ ಅವಳೇನು ನುಂಗಲ್ಲ ಬಿಡು."

ಚೌಡಿ ನುಂಗುತ್ತಾಳೆಂಬ ಹೆದರಿಕೆ ಸೌಮ್ಯಳಿಗೂ ಇರಲಿಲ್ಲ. ಸಾಯುವವಳ ಕೈ ಹಿಡಿದು ಆಡಿದ ಮಾತು ಸುಳ್ಳಾಗುತ್ತಿತ್ತು, ಅದು ಅವಳಿಗೆ ತಡೆಯಲಾಗಲಿಲ್ಲ. ಕತ್ತಲಾಗುತ್ತ ಬಂದಂತೆ ಕೂತಲ್ಲಿ ಕೂರಲಾಗದೆ ಎದ್ದು ಹಿತ್ತಲು ದಾಟಿ ಗದ್ದೆಗೆ ಇಳಿದಳು. ಅಲ್ಲಿ ಹೋಗಿ ಮಾಡುವುದೇನೆಂದು ಅವಳಿಗೇ ಗೊತ್ತಿರಲಿಲ್ಲ.

ಗೂಡಿನಲ್ಲಿ ದೀಪ ಉರಿಯುತ್ತಿತ್ತು. ಪಕ್ಕದಲ್ಲಿ ಒದ್ದೆ ತಲೆಯ ಹೆಂಗಸೊಬ್ಬಳು ಕೂತಿದ್ದಳು.

"ಅಲ್ಲೇ ನಿಲ್ಲು! ಈಚೆ ಬರ್ಬೇಡ, ನಿಂಗೆ ಸೂತಕ!"

ಕಲ್ಲವ್ವನ ದನಿ. ಸೌಮ್ಯ ಗದ್ದೆಯ ಬದುವಿನ ಹಾಳಿಯ ಮೇಲೆ ನಿಂತಲ್ಲೇ ನಿಂತಳು.

"ಕಲ್ಲತ್ತೆ... ಇದ್ಕೇ ಬರ್ಲಿಲ್ಲನಾ ನೀವು?"

"ನಾನೂ ಬಂದಿದ್ರೆ ಇದ್ನ ಹಚ್ಚೋರ‍್ಯಾರು?"

"ದಿನಕರನ ಹತ್ರ ಒಂದ್ಮಾತು ಹೇಳ್ಬೌದಿತ್ತಲ್ಲ. ಎಲ್ರೂ ನಿಮ್ಮನ್ನ ಬೈದ್ರು. ನಾನೂ ಮನಸ್ಸಲ್ಲಿ ಬೈದೆ."

"ಬೈಲಿ. ಬಾಗಿಲು ತೆಗೆದಿದ್ರೆ ನಾ ಓಡಿ ಬಂದ್ಬಿಡ್ತಿದ್ದೆ ಕಣೆ. ಚಿಲಕ ಹಿಡ್ಕಂಡು ಕೂತಿದ್ದೆ."

ಗಾಳಿ ತುಸು ಜೋರಾಯಿತು. ಕಲ್ಲವ್ವ ಬಗ್ಗಿ ದೀಪಕ್ಕೆ ಎರಡೂ ಕೈ ಮರೆ ಮಾಡಿದಳು. ಮುಸುಮುಸು ಅಳು ಅತ್ತಲಿಂದ ಕೇಳತೊಡಗಿತು. ಸೌಮ್ಯಳಿಗೆ ಓಡಿಹೋಗಿ ಆ ಮುದುಕಿಯನ್ನು ತಬ್ಬಿಕೊಳ್ಳಬೇಕೆನಿಸಿತು. ಅದೊಂದೇ ಅವಳಿಂದ ಆಗುವಂತಿರಲಿಲ್ಲ.

ಆಮೇಲೆ ಕಲ್ಲವ್ವ ಮುಖ ಎತ್ತದೆಯೇ ಕೂಗಿ ಕೇಳಿದಳು:

"ಯಾವ ಸೀರೆ ಉಡ್ಸಿದ್ರೇ?"

"ಹಸಿರು ಅಂಚಿಂದು."

"ತಲೆ ಬಾಚಿದ್ರಾ? ಅವಳಿಗೆ ನಡು ಬೈತಲೆ ಆಗಾದಿಲ್ಲ."

"ಎಡಕ್ಕೇ ತೆಗೆದೆ ಕಲ್ಲತ್ತೆ."

"ಮುಖ ಹೆಂಗಿತ್ತೇ?"

ಸೌಮ್ಯ ಸೆರಗಿನಿಂದ ಕಣ್ಣೊರೆಸಿಕೊಂಡು ಹಾಳಿಯ ಮೇಲೆಯೇ ಕೂತಳು. ಗದ್ದೆಯಾಚೆಗೆ ಕೇಳುವಂತೆ ದನಿ ಎತ್ತಿ, ಬೆಳಗಿನಿಂದ ನಡೆದದ್ದನ್ನು ಮೊದಲಿಂದ ಹೇಳತೊಡಗಿದಳು. ಕಲ್ಲವ್ವ ದೀಪದ ಸುತ್ತ ಹಿಡಿದ ಕೈ ತೆಗೆಯದೆ, ಹೂಂ, ಹೂಂ ಅನ್ನುತ್ತಿದ್ದಳು.