ಆನೆ ಬಾರದ ಪುಟ

ಕವನ ಫ್ಲಾಪಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುತ್ತ ನಿಂತಿದ್ದಳು. ಶಿವಮೊಗ್ಗದ ಆ ಇಂಜಿನಿಯರಿಂಗ್ ಕಾಲೇಜಿನ ಸೆಮಿನಾರ್ ಹಾಲಿಗೆ ಮೊದಲ ವರ್ಷದವರೆಲ್ಲ ಬಂದು ಕೂತಾಗಿತ್ತು. ಈ ಸಲ ಕಂಪ್ಯೂಟರ್ ಕ್ಲಬ್ಬಿನ ಕೋಆರ್ಡಿನೇಟರ್ ಅವಳೇ. ಶನಿವಾರ, ಭಾನುವಾರ ವೆಬ್‌ಸೈಟ್ ಮಾಡುವುದನ್ನು ಕಲಿಸುತ್ತೇವೆ, ಬನ್ನಿ ಎಂದು ಕರೆಯಬೇಕು, ಅಷ್ಟೇ.

ಆದರೆ ವಿಭಾಗದ ಮುಖ್ಯಸ್ಥರಾದ ಭೈರಪ್ಪ ಸರ್ ಬೆಳಿಗ್ಗೆಯೇ ಕಡ್ಡಿ ತುಂಡು ಮಾಡಿದಂತೆ ಹೇಳಿದ್ದರು. "ನೋಡಮ್ಮ, ಹೋದ ವರ್ಷ ನಿಮ್ಮ ಕ್ಲಬ್ ನಂಬಿ ಭಾನುವಾರ ಲ್ಯಾಬ್ ತೆಗೆಸ್ದೆ. ಒಬ್ನೇ ಕೂತು ನೊಣ ಹೊಡ್ದೆ. ಇವತ್ತು ಯಾರೂ ಕೈ ಎತ್ತಲಿಲ್ಲಾಂದ್ರೆ ಲ್ಯಾಬಿಗೂ ಬೀಗ, ಕ್ಲಬ್ಬಿಗೂ ಬೀಗ."

"ಏನ್ ಮಾರಾಯ್ತಿ, ಮಾರಿಗೆ ಬಿಟ್ಟ ಕುರಿ ಥರ ನಿಂತಿದೀಯ!" ಎಂದ ಪ್ರೊಜೆಕ್ಟರ್ ಜೋಡಿಸುತ್ತಿದ್ದ ಸಹಪಾಠಿ ಜ್ಞಾನೇಶ್.

"ಸುಮ್ನಿರೋ. ನಾಲಿಗೆ ಅಂಟ್ಕೊಂಡಿದೆ."

ಅವಳು ಮೈಕಿನ ಮುಂದೆ ನಿಂತಳು. ಎದುರಿಗೆ ಒಂದು ಮುಖವೂ ಕಾಣಲಿಲ್ಲ, ಕಂಡದ್ದು ಬರೀ ನೆತ್ತಿಗಳು. ಸೀನಿಯರ್ ಎದುರು ತಲೆ ಎತ್ತಬಾರದು, ಅಂಗಿಯ ಮೂರನೇ ಗುಂಡಿ ನೋಡುತ್ತಿರಬೇಕು. ಹಾಸ್ಟೆಲಿಗೆ ಬಂದ ದಿನವೇ ಹುಡುಗರಿಗೆ ಕಲಿಸಿದ ಪಾಠ ಅದು. ಹುಡುಗಿಯರಿಗೆ ನೆಲ ನೋಡುವ ಪಾಠ. ಸೀನಿಯರ್‌ಗಳು ರಜೆಯ ದಿನ ಲ್ಯಾಬಿಗೆ ಕರೆದರೆ ಅವರ ಕಿವಿಗೆ ಬೀಳುವುದು ರ‍್ಯಾಗಿಂಗ್ ಎಂದೇ.

"ಎಲ್ಲರಿಗೂ ನಮಸ್ಕಾರ," ಎಂದಳು. "ವೆಬ್‌ಸೈಟ್ ಅಂದ್ರೆ ಅಮೇರಿಕದಲ್ಲಿ ಹುಟ್ಟೋದಲ್ಲ. ಬರೀ ನೋಟ್‌ಪ್ಯಾಡ್ ಸಾಕು. ಶನಿವಾರ ಬಂದ್ರೆ ಭಾನುವಾರ ಸಂಜೆಗೆ ನಿಮ್ಮದೇ ಒಂದು ಪುಟ ಮಾಡ್ಬೋದು. ನಾನು ಮಾಡಿದ್ದು ತೋರಿಸ್ತೀನಿ."

ಹಿಂದಿನ ದಿನ ಭದ್ರಾವತಿಯ ಬಸ್‌ಸ್ಟ್ಯಾಂಡ್ ಪಕ್ಕದ ಸೈಬರ್ ಕೆಫೆಯಲ್ಲಿ ಕೂತು ಕಟ್ಟಿದ ಪುಟ ಅದು. ಸಕ್ರೆಬೈಲು ಬಿಡಾರದ ಆನೆಗಳು ಹೊಳೆಯಲ್ಲಿ ಮೀಯುವ ಫೋಟೋ ಇಟ್ಟಿದ್ದಳು. ಅಲ್ಲಿ ಚಂದವಾಗಿ ಕಂಡಿತ್ತು. ಪುಟವನ್ನೂ ಫೋಟೋವನ್ನೂ ಫ್ಲಾಪಿಗೆ ಹಾಕಿಕೊಂಡು ಬಂದಿದ್ದಳು.

ಪರದೆಯ ಮೇಲೆ "ನಮ್ಮ ಸಕ್ರೆಬೈಲು" ಎಂಬ ಹೆಸರು ಮೂಡಿತು. ಕೆಳಗೆ ಆನೆ ಇಲ್ಲ. ಖಾಲಿ ಚೌಕ, ಅದರ ಮೂಲೆಯಲ್ಲಿ ಕೆಂಪು ಇಂಟು ಗುರುತು.

ಹೆದರಿದವರ ಮೇಲೆ ಹಾವೆಸೆದರು ಅಂತಾರಲ್ಲ, ಕವನಳಿಗೆ ಹಾಗಾಯಿತು. ಯಾರೂ ನಗಲಿಲ್ಲ, ಸೀನಿಯರ್ ತಪ್ಪಿಗೆ ನಗುವ ಧೈರ್ಯ ಯಾರಿಗಿತ್ತು? ಅವಳ ಹಿಂದೆ ಕುರ್ಚಿಯಲ್ಲಿ ಕೂತಿದ್ದ ಭೈರಪ್ಪ ಸರ್ ಕೈಯಲ್ಲಿ ಬೀಗದ ಕೈಗೊಂಚಲು ಸಣ್ಣಗೆ ಗಿಲ್ ಎಂದಿತು.

ಓಡಿಹೋಗೋಣ ಎನ್ನಿಸಿತು. ಆದರೆ ಓಡಿದರೆ ಕ್ಲಬ್ಬು ಅಲ್ಲಿಗೇ ಮುಗಿಯಿತು. ಮೌಸ್ ಹಿಡಿದು ವ್ಯೂ ಸೋರ್ಸ್ ಒತ್ತಿದಳು. ನೋಟ್‌ಪ್ಯಾಡಿನಲ್ಲಿ ಪುಟದ ಒಳಗಿನ ಬರಹ ತೆರೆದುಕೊಂಡಿತು. ಓದುತ್ತಾ ಹೋದಳು. ಸಿಕ್ಕಿತು.

"ತಪ್ಪು ನಂದೇ," ಎಂದಳು. "ಫೋಟೋ ಎಲ್ಲಿದೆ ಅಂತ ಪುಟಕ್ಕೆ ವಿಳಾಸ ಹೇಳ್ಬೇಕು. ನಾನು ಕೆಫೆ ಕಂಪ್ಯೂಟರಿನ ಸಿ ಡ್ರೈವ್ ವಿಳಾಸ ಬರ್ದಿದೀನಿ. ಈ ಕಂಪ್ಯೂಟರ್ ಪಾಪ ತನ್ನ ಸಿ ಡ್ರೈವಲ್ಲೇ ಹುಡುಕ್ತಿದೆ. ಅಲ್ಲಿ ಆನೆ ಎಲ್ಲಿಂದ ಬರ್ಬೇಕು?"

ಹಿಂದಿನ ಸಾಲಿನಲ್ಲಿ ಒಂದು ನೆತ್ತಿ ಮೇಲೆದ್ದು ಮುಖವಾಯಿತು. ಸೌಂದರ್ಯ ಅಂತ, ಮಲವಗೊಪ್ಪದ ಹುಡುಗಿ. "ಅಕ್ಕಾ, ಫೋಟೋನೂ ಫ್ಲಾಪಿಲೇ ಇದ್ಯಾ? ಪುಟದ ಪಕ್ಕದಲ್ಲೇ?"

"ಹೂಂ. ಪಕ್ಕದಲ್ಲೇ ಇದ್ರೆ ವಿಳಾಸ ಬೇಡ, ಫೈಲಿನ ಹೆಸರು ಸಾಕು."

ಕವನ ಉದ್ದದ ವಿಳಾಸ ಅಳಿಸಿ ಫೋಟೋದ ಹೆಸರೊಂದನ್ನೇ ಉಳಿಸಿದಳು. ಸೇವ್ ಮಾಡಿ ರಿಫ್ರೆಶ್ ಒತ್ತಿದಳು. ಫ್ಲಾಪಿ ಡ್ರೈವ್ ಗರಗರ ಎಂದಿತು, ನಿಂತಿತು, ಮತ್ತೆ ಗರಗರ ಎಂದಿತು. ಮೊದಲು ಒಂದೆಳೆ ಆಕಾಶ ಬಂತು. ಆಮೇಲೆ ಮರದ ತುದಿ, ಆನೆಯ ನೆತ್ತಿ, ಕಿವಿ. ಸೊಂಡಿಲು ಇಳಿಯುವ ಹೊತ್ತಿಗೆ ಹಾಲಿನಲ್ಲಿ ಎಲ್ಲರ ತಲೆಯೂ ಎದ್ದಿತ್ತು.

"ಅಕ್ಕಾ, ಒಂದು ಕೇಳ್ಲಾ?" ಸೌಂದರ್ಯಳ ದನಿ ಸಣ್ಣದಾಯಿತು. "ಶನಿವಾರ ಬಂದ್ರೆ... ಹಾಡು ಹೇಳ್ಸಲ್ವಾ? ಬೆಂಚ್ ಮೇಲೆ ನಿಲ್ಸಲ್ವಾ?"

ಹಾಗೆ ಹಾಡು ಹೇಳಿಸಿದವರಲ್ಲಿ ಒಬ್ಬನಾದ ಜ್ಞಾನೇಶ್ ತಲೆ ತಗ್ಗಿಸಿದ. ಕವನ ನಡುಗುವ ಕೈಯನ್ನು ಹಾಗೇ ಮೇಲೆತ್ತಿ ತೋರಿಸಿದಳು. "ನೋಡಮ್ಮ ಇದನ್ನ. ಈ ಕೈಲಿ ನಾನು ನಿನ್ನ ಹೆದರ್ಸ್ತೀನಾ? ಬಾಗಿಲು ತೆಗ್ದೇ ಇರತ್ತೆ, ಸರ್ ಅಲ್ಲೇ ಕೂತಿರ್ತಾರೆ. ಭಯ ಆದ್ರೆ ಅಮ್ಮನ್ನೂ ಕರ್ಕೊಂಡ್ಬಾ."

"ಅಮ್ಮ ಬಂದ್ರೆ ಅವ್ರೇ ಕಲ್ತು ನನ್ನ ಮನೆಗೆ ಕಳ್ಸ್ತಾರೆ!"

ಇಡೀ ಹಾಲ್ ನಕ್ಕಿತು. ಸೌಂದರ್ಯ ಕೈ ಎತ್ತಿದಳು. ಪಕ್ಕದವಳು ಅತ್ತಿತ್ತ ನೋಡಿ ಅರ್ಧ ಎತ್ತಿದಳು. ಹುಡುಗರ ಕಡೆಯಿಂದ ಒಂದು, ಆಮೇಲೆ ಸಾಲುಸಾಲೇ. ಭೈರಪ್ಪ ಸರ್ ಗೊಂಚಲಿನಿಂದ ಲ್ಯಾಬಿನ ಕೀಲಿಯನ್ನು ಬಿಡಿಸಿ ಮೇಜಿನ ಮೇಲಿಟ್ಟರು. "ಶನಿವಾರ ನಂಗಿಂತ ಮುಂಚೆ ಬಂದು ತೆಗೀಬೇಕು ನೀನು."

ಕವನ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದಳು. ಅಬ್ಬಾ ಎನ್ನುವಷ್ಟರಲ್ಲಿ ಎದುರಿನ ಕೈಗಳೆಲ್ಲ ಮತ್ತೆ ಕಣ್ಣಿಗೆ ಬಿದ್ದವು. ಇಷ್ಟೂ ಮಕ್ಕಳು ನಿಜವಾಗಿಯೂ ಬರುತ್ತಾರೆ. ಎರಡು ದಿನ ಅವರಿಗೆ ಕಲಿಸಬೇಕಾದವಳು ತಾನೇ.